ಮನೆಯಿಂದ ಬಂದ ಬಾಟಲಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ವಿದ್ಯಾವತಿ ಸಿಸ್ಟರ್ ಕರಿಷ್ಮಾಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದರು. ಸುತ್ತುತ್ತಲೇ ಬಾಗಿಲ ಕಡೆ ತಿರುಗಿ ಬೈಯುತ್ತಲೂ ಇದ್ದರು. ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದವರು ಕರಿಷ್ಮಾಳ ಅತ್ತೆ ಚಂದ್ರಾಬಾಯಿ.

"ಚಂದ್ರಾಬಾಯಿ, ಬಿಪಿ ನೋಡುಮುಂದ ಹುಡುಗೀನ ಮಾತಾಡಸಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ಆಕಿ ಮಾತಾಡಿದ್ರ ಅಂಕಿ ಏರತದ. ನೀವ ಮಾತಾಡಿದ್ರ ನಂದ ಏರತದ."

"ಹಂಗಾರ ಮೊದಲ ನಿಮ್ಮ ಬಿಪಿ ನೋಡ್ಕೋರಿ ಬಾಯಿ," ಎಂದಳು ಆಶಾ ಕಾರ್ಯಕರ್ತೆ ಭಾಗವ್ವ. ಹೊರಗೆ ಸರದಿಯಲ್ಲಿ ಕುಳಿತ ಹೆಂಗಸರು ನಕ್ಕರು.

ಜತ್ತ ತಾಲೂಕಿನಲ್ಲಿ ಉಟಗಿ ಕಡೆಯ, ಹೊಲಗಳ ನಡುವಿನ ಒಂದು ವಸ್ತಿಯ ಆರೋಗ್ಯ ಉಪಕೇಂದ್ರವದು. ಎರಡು ಕೋಣೆ, ಒಂದು ಶೌಚಾಲಯ, ಅಂಗಳದಲ್ಲಿ ಒಂದು ಬೇವಿನ ಗಿಡ. ವಿದ್ಯಾವತಿ ಬಿಳೂರದವರು. ನರ್ಸ್ ತರಬೇತಿ ಮುಗಿಸಿ ಇಲ್ಲಿಗೆ ಬಂದಾಗ ಅವರ ಮಗಳು ತೊಟ್ಟಿಲಲ್ಲಿದ್ದಳು. ಈಗ ಆ ಮಗಳೇ ಕಾಲೇಜು ಮುಗಿಸಿದ್ದಾಳೆ. ಊರಿನಲ್ಲಿ ಅವರನ್ನು ಕರೆಯುವುದು ಬರೀ 'ಬಾಯಿ' ಎಂದು. ಅವರ ಸಿಟ್ಟು ಎಲ್ಲರಿಗೂ ಗೊತ್ತು. ಲಸಿಕೆಯ ದಿನ ಮಗುವನ್ನು ಕರೆತರದ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತುಬಿಡುತ್ತಾರೆ, ಚಹಾ ಕೊಟ್ಟರೆ ಕುಡಿಯುವುದಿಲ್ಲ. ಕುಡಿದರೆ ಸಿಟ್ಟು ಇಳಿಯುತ್ತದೆ ಎನ್ನುವ ಭಯ ಅವರಿಗೆ ಎಂದು ಭಾಗವ್ವ ಹೇಳುವುದುಂಟು.

ಆ ದಿನ ಪಟ್ಟಿಯ ಗಾಳಿ ಇಳಿದಾಗ ಅವರು ಬೈಯುವುದನ್ನು ನಿಲ್ಲಿಸಿದರು. ಮೇಲಿನ ಅಂಕಿ ನೂರಾ ಐವತ್ತೆಂಟು, ಕೆಳಗಿನದು ನೂರಾ ಆರು. ನೂರಾ ನಲವತ್ತಕ್ಕೆ ತೊಂಬತ್ತು ದಾಟಿದರೆ ಬಸುರಿಯಲ್ಲಿ ಅದು ಹೆಚ್ಚು ಎಂದೇ ಲೆಕ್ಕ. ಕರಿಷ್ಮಾಗೆ ಮೂವತ್ತಮೂರನೆಯ ವಾರ, ಚೊಚ್ಚಲು. ಹಿಂದಿನ ತಿಂಗಳು ನೂರಾ ಮೂವತ್ತನಾಲ್ಕಕ್ಕೆ ಎಂಬತ್ತಾರು ಇತ್ತು. ಆಗ ವಿದ್ಯಾವತಿ ಎರಡು ವಾರ ಬಿಟ್ಟು ಬರಲು ಹೇಳಿದ್ದರು. ಮನೆಯವರು ಅವಳನ್ನು ಕರೆತಂದದ್ದು ನಾಲ್ಕು ವಾರ ಬಿಟ್ಟು.

"ಗ್ವಾಡಿಗೆ ಆತುಕೊಂಡು ಸುಮ್ನ ಕುಂಡ್ರು ತಂಗಿ. ಕಾಲ ಮ್ಯಾಲ ಕಾಲ ಹಾಕಬ್ಯಾಡ. ಇನ್ನೊಮ್ಮಿ ನೋಡ್ತೀನಿ. ತಲಿ ನೋಯತದೇನು?"

ಕರಿಷ್ಮಾ ಅತ್ತೆಯ ಮುಖ ನೋಡಿದಳು. ಉತ್ತರ ಅತ್ತೆಯಿಂದಲೇ ಬಂತು.

"ಪಿತ್ತ ಆಗ್ಯದ್ರಿ ಬಾಯಿ. ಎದಿ ಕೆಳಗ ಉರೀತದಂತ. ತಲಿನೂ ಅದಕ್ಕ ನೋಯಾಕತ್ತದ. ಎರಡ ದಿನ ಮಜ್ಜಿಗಿ ಕುಡಿಸೀನಿ."

"ನಾ ನಿಮ್ಮನ್ನ ಕೇಳೀನೇನು? ಬಸುರಿ ನೀವೇನು?"

ಕರಿಷ್ಮಾ ಮೆಲ್ಲಗೆ ಹೇಳಿದಳು. ಮೂರು ದಿನದಿಂದ ಹಣೆಯಲ್ಲಿ ನೋವು, ಗುಳಿಗೆ ನುಂಗಿದರೂ ಹೋಗಿಲ್ಲ. ನಿನ್ನೆ ರೊಟ್ಟಿ ಬಡಿಯುವಾಗ ಕಣ್ಣ ಮುಂದೆ ಕಿಡಿ ಹಾರಿದ ಹಾಗೆ ಆಗಿತ್ತು. ಒಲೆಯ ಕಿಡಿ ಎಂದುಕೊಂಡಿದ್ದಳು, ಆದರೆ ರೊಟ್ಟಿ ಬಡಿಯುತ್ತಿದ್ದುದು ಗ್ಯಾಸಿನ ಮುಂದೆ. ಅವಳ ಮುಖ ಊದಿತ್ತು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತಿತ್ತು. ಮನೆಯವರು ಅದನ್ನು ಬಸುರಿಯ ಕಳೆ ಎಂದು ಸಂತೋಷಪಟ್ಟಿದ್ದರು.

ಎರಡನೆಯ ಸಲ ನೂರಾ ಅರವತ್ತೆರಡಕ್ಕೆ ನೂರಾ ಹತ್ತು.

ವಿದ್ಯಾವತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನು ಮಾಡಿದರು. ಭಾಗವ್ವನಿಗೆ ಅಂಬುಲನ್ಸ್ ಕರೆಸಲು ಹೇಳಿದರು. ಅಂಬುಲನ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಚಂದ್ರಾಬಾಯಿ ಒಳಗೆ ನುಗ್ಗಿದರು.

"ಯಾಕ್ರಿ ಅಂಬುಲನ್ಸ್? ಬಿಸಿಲಾಗ ನಡದ ಬಂದಾಳ, ಅದಕ್ಕ ಏರ್ಯದ. ನೀರು ಚೊಕ್ಕ ಅದ ಅಂತ ಹ್ವಾದ ತಿಂಗಳ ನೀವ ಹೇಳೀರಿ. ಇವತ್ತೂ ಮನಿಯಿಂದ ಆಕಿ ನೀರು ಬಾಟಲ್ಯಾಗ ತಂದೀನಿ, ನೋಡ್ರಿ. ನೀರು ಚೊಕ್ಕ ಇದ್ರ ದವಾಖಾನಿ ಯಾಕ? ಅಲ್ಲಿ ಹ್ವಾದ್ರ ಹೊಟ್ಟಿ ಕೊಯ್ತಾರ."

ಕರಿಷ್ಮಾಳ ಗಂಡ ಧನಾಜಿ ಹಿಂದೆಯೇ ಬಂದು ನಿಂತಿದ್ದ. "ಅವ್ವ ಅನ್ನೂದು ಖರೇ ಅದಲ್ರಿ ಬಾಯಿ. ನೀರು ನೋಡ್ರಿ. ಕೆಟ್ಟಿದ್ರ ಒಯ್ಯೂಣು."

ಮೂತ್ರ ಹೇಗೇ ಇರಲಿ, ಈ ಒತ್ತಡ, ಈ ತಲೆನೋವು, ಈ ಕಿಡಿ ಇದ್ದಮೇಲೆ ಕಳಿಸಲೇಬೇಕು. ಅದನ್ನು ವಿದ್ಯಾವತಿ ಹೇಳಿದರು. ಮಜ್ಜಿಗೆಗೆ ಇಳಿಯುವ ಉರಿ ಇದಲ್ಲ, ಯಕೃತ್ತಿಗೆ ಪೆಟ್ಟು ಬೀಳುತ್ತಿರಬಹುದು, ಇನ್ನು ಸ್ವಲ್ಪ ತಡವಾದರೆ ಫಿಟ್ಸ್ ಬರುತ್ತದೆ ಎಂದೂ ಹೇಳಿದರು. ತಾಯಿ ಮಗ ಇಬ್ಬರೂ ಬಾಟಲಿಯನ್ನೇ ನೋಡುತ್ತಿದ್ದರು. ವಾದ ಮಾಡುವುದಕ್ಕಿಂತ ಅದರಲ್ಲಿ ಪರೀಕ್ಷೆಯ ಪಟ್ಟಿ ಅದ್ದುವುದು ಬೇಗ ಮುಗಿಯುತ್ತದೆ. ಅದ್ದಿದರು.

ಹಿಂದಿನ ತಿಂಗಳವರೆಗೆ ಅಲ್ಲಿ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ, ಆಮ್ಲದ ಹನಿ ಹಾಕಿ, ಮೋಡಗಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಮೋಡ ಉಳಿದರೆ ಪ್ರೋಟೀನ್ ಇದೆ, ಏರಿದ ಒತ್ತಡ ಮೂತ್ರಪಿಂಡಕ್ಕೂ ತಟ್ಟಿದೆ ಎಂದರ್ಥ; ಸಕ್ಕರೆ ಅದರಲ್ಲಿ ತಿಳಿಯುತ್ತಿರಲಿಲ್ಲ. ಈ ತಿಂಗಳು ಪಟ್ಟಿಗಳು ಬಂದಿದ್ದವು. ಒಂದೊಂದರಲ್ಲೂ ಎರಡು ಚೌಕ, ಒಂದು ಪ್ರೋಟೀನಿಗೆ, ಒಂದು ಸಕ್ಕರೆಗೆ.

ಪ್ರೋಟೀನಿನ ಚೌಕ ಹಳದಿಯಾಗಿಯೇ ಉಳಿಯಿತು. ಸಕ್ಕರೆಯ ಚೌಕ ಗಾಢ ಕಂದು ಬಣ್ಣಕ್ಕೆ ತಿರುಗಿತು.

ವಿದ್ಯಾವತಿ ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಅದನ್ನು ಹೋಲಿಸಿ ನೋಡಿದರು. ಕರಿಷ್ಮಾಗೆ ಗ್ಲೂಕೋಸು ಕುಡಿಸಿ ತಾವೇ ರಕ್ತ ಪರೀಕ್ಷೆ ಮಾಡಿದ್ದರು, ಸಕ್ಕರೆ ಕಾಯಿಲೆ ಇರಲಿಲ್ಲ. ಬಸುರಿಯ ಮೂತ್ರದಲ್ಲಿ ಕೆಲವೊಮ್ಮೆ ಸಕ್ಕರೆ ಸ್ವಲ್ಪ ಇಳಿಯುವುದುಂಟು, ಆದರೆ ಇಷ್ಟಲ್ಲ. ಅವಳ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು. ತೊಂಬತ್ತೆರಡು, ಹೆಚ್ಚೇನಿಲ್ಲ. ಆಮೇಲೆ ಅವರು ತಲೆ ಎತ್ತಿ ಚಂದ್ರಾಬಾಯಿಯನ್ನು ನೋಡಿದರು. ಪ್ರತಿ ತಿಂಗಳು ಇದೇ ಕಿಟಕಿಯಲ್ಲಿ ಶುಗರಿನ ಗುಳಿಗೆ ಇಸಿದುಕೊಂಡು ಹೋಗುವ ಹೆಂಗಸು ಅವರು.

"ಈ ಬಾಟಲಿ ಯಾರದು?"

"ಆಕೀದರಿ."

"ಚಂದ್ರಾಬಾಯಿ, ಯಾರದು?"

ಚಂದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ ಹೇಳಿದವಳು ಕರಿಷ್ಮಾ. "ಅತ್ತಿದರಿ. ಹ್ವಾದ ತಿಂಗಳದೂ ಅತ್ತಿದ. ಅದರ ಹಿಂದಿನದೂ."

ವಿದ್ಯಾವತಿಯ ದನಿ ಬೇವಿನ ಗಿಡದಾಚೆ ರಸ್ತೆಯವರೆಗೂ ಕೇಳಿಸಿತು ಎಂದು ಈಗಲೂ ಹೇಳುತ್ತಾರೆ. "ನಿನ್ನ ಉಚ್ಚಿ ನೋಡಿ ಆಕಿ ಚಲೋ ಇದ್ದಾಳಂತ ಬರದೀನಲ್ಲ ನಾ! ಎರಡ ತಿಂಗಳ! ಆಕೀಗಿ ಏನರ ಆಗಿದ್ರ ಯಾರ ಕೊಳ್ಳಿಗೆ ಬೀಳ್ತಿತ್ತು ಇದು? ನಿನ್ನ ನೀರ ಕೊಟ್ಟ ಆಕೀನ ಉಳಸ್ತೀಯೇನು?"

ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಪರಿಚಯದಲ್ಲಿ ಅವರು ಚಂದ್ರಾಬಾಯಿಯನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಬಸುರಿ ನೀರು ಹೊರಗಿನವರ ಕೈಯಾಗ ಕೊಡಬಾರದ್ರಿ," ಚಂದ್ರಾಬಾಯಿ ಅಳುತ್ತ ಹೇಳಿದರು. "ಅದ್ರಿಂದ ಮಾಟ ಮಾಡ್ತಾರ. ದೊಡ್ಡ ಸೊಸೀದು ಬ್ಯಾರೆ ದವಾಖಾನ್ಯಾಗ ಹಂಗ ಕೊಟ್ಟಿದ್ವಿ. ಆಕಿ ಕೂಸು ಹೊಟ್ಟ್ಯಾಗ ಸತ್ತತು. ಕೊಡಬ್ಯಾಡಾಗಿತ್ತು ಅಂದ್ರು ಎಲ್ಲಾರೂ."

"ಎಲ್ಲಾರೂ ಅಂದ್ರ ಯಾರು? ಹೆಸರ ಹೇಳು, ಇಲ್ಲೇ ಕರಸ್ತೀನಿ. ಆ ಸೊಸಿ ಮಾರಿ ಬಾತಿತ್ತಿಲ್ಲೋ? ತಲಿ ನೋಯ್ತಿತ್ತಿಲ್ಲೋ? ಆವಾಗೂ ಮಜ್ಜಿಗೀನ ಕುಡಿಸಿದ್ರೋ?"

ಚಂದ್ರಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ನೆಲಕ್ಕೆ ಕುಳಿತರು. ದೊಡ್ಡ ಸೊಸೆಗೂ ಇದೇ ಆಗಿತ್ತೇ ಎಂದು ಈಗ ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಪ್ರಶ್ನೆ ಕೇಳಿದ ಮೇಲೆ ವಿದ್ಯಾವತಿಯ ದನಿ ಇಳಿಯಿತು. ಭಾಗವ್ವ ಒಂದು ಲೋಟ ನೀರು ತಂದು ಚಂದ್ರಾಬಾಯಿಯ ಕೈಗೆ ಕೊಟ್ಟಳು.

ಕರಿಷ್ಮಾ ಭಾಗವ್ವನ ಹೆಗಲು ಹಿಡಿದು ಶೌಚಾಲಯಕ್ಕೆ ಹೋಗಿ ಬಂದಳು. ಈ ಸಲ ಪ್ರೋಟೀನಿನ ಚೌಕ ಹಸಿರಾಯಿತು, ಡಬ್ಬಿಯ ಮೇಲಿನ ಮೂರು ಪ್ಲಸ್ಸಿನ ಹಸಿರು. ವಿದ್ಯಾವತಿ ಅದನ್ನು ಧನಾಜಿಯ ಕಣ್ಣ ಮುಂದೆ ಹಿಡಿದರು. "ನೋಡು, ನಿನ್ನ ಹೇಣ್ತೀದು. ಈಗ ಹೇಳು."

ಧನಾಜಿ ಅವ್ವನ ಕಡೆ ನೋಡಿದ. ಅಷ್ಟರಲ್ಲಿ ಕರಿಷ್ಮಾ ಎಂದಳು, "ಅವರನ್ನೇನ ಕೇಳ್ತೀರಿ ಬಾಯಿ? ನಾ ಹೋಗ್ತೀನಿ."

ಆಮೇಲಿನ ಕೆಲಸ ಸದ್ದಿಲ್ಲದೆ ನಡೆಯಿತು. ಡಾಕ್ಟರು ಫೋನಿನಲ್ಲೇ ಇದ್ದರು. ಅವರು ಹೇಳಿದಂತೆ ಒತ್ತಡ ಇಳಿಸುವ ಗುಳಿಗೆ ನುಂಗಿಸಿದರು. ಮೊಣಕಾಲಿಗೆ ತಟ್ಟಿ ಕಾಲು ಚಿಮ್ಮುತ್ತದೆಯೇ ನೋಡಿದರು, ಉಸಿರು ಎಣಿಸಿದರು. ಎರಡೂ ಸರಿ ಇದ್ದುದರಿಂದ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟನ್ನು ಎರಡೂ ಪಿರ್ರೆಗೆ ಐದೈದು ಗ್ರಾಮಿನಂತೆ ಆಳಕ್ಕೆ ಚುಚ್ಚಿದರು. ಬೇಗ ಹುಟ್ಟಬಹುದಾದ ಕೂಸಿನ ಪುಪ್ಪುಸಕ್ಕೆಂದು ಇನ್ನೊಂದು ಚುಚ್ಚುಮದ್ದು. ನೋವಿಗೆ ಕರಿಷ್ಮಾ ಚೀರಿದಾಗ ವಿದ್ಯಾವತಿ ಅವಳ ತಲೆ ಸವರಿದರು. "ಬೈಯಿ ನನ್ನ. ಎಷ್ಟ ಬೇಕಾದ್ರೂ ಬೈಯಿ."

ಅವಳನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ತಾವೂ ಅಂಬುಲನ್ಸ್ ಹತ್ತಿದರು. ಜತ್ತದ ಆಸ್ಪತ್ರೆಯಲ್ಲಿ ಇಳಿಸಲಿಲ್ಲ. ಚಿಕ್ಕ ಕೂಸನ್ನು ನೋಡಿಕೊಳ್ಳುವ ಘಟಕ ಇರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಲು ಡಾಕ್ಟರು ಹೇಳಿದ್ದರು. ದಾರಿಯುದ್ದಕ್ಕೂ ವಿದ್ಯಾವತಿಯ ಕೈ ಅವಳ ನಾಡಿಯ ಮೇಲಿತ್ತು. ಫಿಟ್ಸ್ ಬರಲಿಲ್ಲ. ಎರಡು ದಿನ ಒತ್ತಡವನ್ನು ಹತೋಟಿಯಲ್ಲಿಟ್ಟು ಅಲ್ಲಿನವರು ಆಪರೇಷನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಅಂಗೈಗಿಂತ ಚೂರು ಉದ್ದದ ಕಾಲುಗಳು, ಆದರೆ ಅಳು ಜೋರು. ಹೆರಿಗೆಯ ನಂತರವೂ ಅಪಾಯ ಇದೆ, ಬಿಪಿ ನೋಡಿಸುತ್ತಲೇ ಇರಬೇಕು ಎಂದು ಧನಾಜಿಗೆ ವಿದ್ಯಾವತಿ ಮೂರು ಸಲ ಹೇಳಿದರು. ನಾಲ್ಕನೆಯ ಸಲ ಅವನ ಬಾಯಿಂದ ಹೇಳಿಸಿದರು.

ಕರಿಷ್ಮಾ ಮನೆಗೆ ಬಂದಳು, ತಡವಾಗಿ ಕೂಸೂ ಬಂತು. ಊರಿನವರು ಬಾಯಿಯ ಸಿಟ್ಟು ಇಳಿಯಿತು ಎಂದುಕೊಂಡರು. ಇಳಿದಿರಲಿಲ್ಲ. ಈಗ ಅದು ವಿದ್ಯಾವತಿಯವರ ಮೇಲೆಯೇ ತಿರುಗಿತ್ತು. ಶೌಚಾಲಯ ಹತ್ತು ಹೆಜ್ಜೆ ದೂರದಲ್ಲಿರುವಾಗ ಮನೆಯಿಂದ ಬಾಟಲಿ ತನ್ನಿ ಎಂದವರು ಯಾರು? ಅದರ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಅದಕ್ಕೇ ಎಂದು ಭಾಗವ್ವ ಸಮಾಧಾನ ಹೇಳಿದಳು. "ನಾ ಕೊಡದಾಗ ನೀರ ತಂದಿಡಬೇಕಿತ್ತು," ಎಂದರು ವಿದ್ಯಾವತಿ. ಮರುದಿನದಿಂದ ಅಲ್ಲಿ ಒಂದು ಕೊಡ ತುಂಬಿ ಇಡತೊಡಗಿದರು. ತಮ್ಮ ವಸ್ತಿಗಳ ಬಸುರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಅತ್ತೆಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಹಿಂದೆ ತಂದಿದ್ದ ಬಾಟಲಿ ಯಾರದು ಎಂದು ಕೇಳಿದರು. ಬೈಯುವುದಿಲ್ಲ ಎಂದು ಮೊದಲೇ ಹೇಳಿ ಕೇಳಿದರು. ಆ ಮಾತು ಉಳಿಸಿಕೊಳ್ಳುವುದು ಅವರಿಗೆ ಭಾಳ ಕಷ್ಟವಾಯಿತು.

ತಾಲೂಕಿನ ಮಾಸಿಕ ಸಭೆಯಲ್ಲಿ ಅವರು ಎದ್ದು ನಿಂತು, ಮನೆಯಿಂದ ತಂದ ಮೂತ್ರವನ್ನು ಯಾವ ಉಪಕೇಂದ್ರದಲ್ಲೂ ಪರೀಕ್ಷೆಗೆ ತೆಗೆದುಕೊಳ್ಳಬಾರದು ಎಂದರು. ಹಿಂದಿನ ಸಾಲಿನಿಂದ ಒಬ್ಬ ನರ್ಸ್ ನಕ್ಕಳು. "ಒಬ್ಬ ಅತ್ತಿ ಹಂಗ ಮಾಡಿದ್ರ ಎಲ್ಲಾ ಅತ್ತ್ಯಾರೂ ಮಾಡ್ತಾರೇನು, ಅಕ್ಕಾ?"

ವಿದ್ಯಾವತಿ ಪೂರ್ತಿ ಹಿಂದಕ್ಕೆ ತಿರುಗಿದರು. ತಮ್ಮ ಉಪಕೇಂದ್ರದಲ್ಲಿ, ತಾವೇ ಪರೀಕ್ಷೆ ಮಾಡಿ, ಚಲೋ ಅದ ಎಂದು ತಾವೇ ಬರೆದಿದ್ದರಲ್ಲಿ ಎಷ್ಟು ಬಾಟಲಿ ಬೇರೆಯವರದು ಎಂಬುದನ್ನು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು.

"ಇಪ್ಪತ್ತೇಳರಾಗ ಒಂಬತ್ತು."