ಕಾವಿನಂತೆ ಕೆತ್ತಿದ ಬೂಮರಾಂಗ್

ನನ್ನ ಮೊಮ್ಮಗಳಿಗೆ ತಿಪಟೂರಿನ ವಿಜ್ಞಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು! ಬೇಟೆಯ ಮೂರು ಸಾಧನ ಮಾಡಿದ್ದಳು. ಉದ್ದನೆಯ ಬಿದಿರ ಕೊಳವೆಗೆ ಹತ್ತಿ ಸುತ್ತಿದ ಕಡ್ಡಿ ಇಟ್ಟು ಊದಿದರೆ, ಉಸಿರು ಸೋರದೆ ಅದನ್ನು ತುದಿಯವರೆಗೂ ತಳ್ಳುತ್ತಿತ್ತು. ಎರಡನೆಯದು ಬೋಲಾಸ್, ಬೇಟೆಯ ಕಾಲಿಗೆ ಸುತ್ತಿಕೊಳ್ಳಲು ಎಸೆಯುವಂಥದ್ದು: ತೆಂಗಿನ ಹಗ್ಗಕ್ಕೆ ಕಟ್ಟಿದ ಮೂರು ಕಲ್ಲುಗಳು, ಬೀಸಿ ಎಸೆದರೆ ಹಗ್ಗ ಕಂಬಕ್ಕೆ ಸುತ್ತಿ ಗಿಡ್ಡವಾದಷ್ಟೂ ಬೇಗ ಬೇಗ ತಿರುಗಿ ಬಿಗಿಯುತ್ತಿದ್ದವು. ಮೂರನೆಯದು ಬೂಮರಾಂಗ್, ಎಸೆದರೆ ಸುತ್ತಿ ವಾಪಸ್ ಬರುವ ಬಾಗಿದ ಮರದ ತುಂಡು; ಅವಳಿಗಾಗಿ ನಾನು ಕೆತ್ತಿಕೊಟ್ಟ ಅದು ಮಾತ್ರ ಪ್ರದರ್ಶನದ ಹಿಂದಿನ ದಿನವೂ ವಾಪಸ್ ಬಂದಿರಲಿಲ್ಲ.

"ತಾತ, ಕೊಡಲಿ ಕಾವಿನಂಗೆ ಎರಡೂ ಕಡೆ ಉಬ್ಬು ಮಾಡಿದ್ದೀಯ. ಒಂದ್ಕಡೆ ಚಪ್ಪಟೆ ಮಾಡು. ನೆಟ್ಟಗೆ ಹಿಡಿದು ಎಸೆದ್ರೆ ಮೇಲಿನ ರೆಕ್ಕೆ ಜೋರಾಗಿ ಓಡುತ್ತೆ, ಅಲ್ಲಿ ಗಾಳಿ ಒತ್ತು ಜಾಸ್ತಿ. ಅದಕ್ಕೇ ಸುತ್ತಿ ಬರೋದು."

"ವರ್ಷಾನುಗಟ್ಲೆ ಕಾವು ಕೆತ್ತಿದ ಕೈ ಕಣವ್ವಾ, ಮಾತು ಕೇಳ್ಬೇಕಲ್ಲ! ಬುಡಲ್ಲ ನಾನು" ಎಂದು ಉಳಿ ಹಿಡಿದೆ. ಏಳನೇ ಎಸೆತಕ್ಕೆ ಅದು ಬಯಲು ಸುತ್ತಿ ನನ್ನ ಕಾಲ ಬುಡಕ್ಕೇ ಬಂತು.

ಬಹುಮಾನ ಬಂದ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಒಬ್ಬಟ್ಟು ಉಂಡೆವು.