ನಲವತ್ತು ಫ್ರಿಜ್‌ಗಳ ದಿನ

ರಾಯಚೂರಿನ ಫ್ರಿಜ್, ಟಿವಿ ಅಂಗಡಿಯೊಂದರಲ್ಲಿ ನಾನು ಜಾಹೀರಾತು ನೋಡಿಕೊಳ್ಳುತ್ತಿದ್ದೆ. ಮಾನ್ವಿ, ದೇವದುರ್ಗದಲ್ಲೂ ನಮ್ಮ ಶಾಖೆಗಳಿದ್ದವು. ಮಾನ್ವಿ ಶಾಖೆಯ ಹೊಣೆ ಹೊತ್ತಿದ್ದವಳು ತನ್ನ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು.

ಮದುವೆ ಸೀಸನ್ನಿಗೆ ಮುಂಚೆ ಒಂದು ದಿನ ಭಾರಿ ರಿಯಾಯಿತಿ ಕೊಟ್ಟೆವು. ಎರಡು ವಾರ ಮೊದಲೇ ಮೊಬೈಲಿನಲ್ಲಿ ಜಾಹೀರಾತು ಬಿಟ್ಟು, ಆಟೊಗಳಿಗೆ ಮೈಕು ಕಟ್ಟಿಸಿದೆವು. ಹೋಲಿಸಿ ನೋಡಲು ಇರಲೆಂದು ದೇವದುರ್ಗದಲ್ಲಿ ಮಾತ್ರ ಜಾಹೀರಾತೂ ಬೇಡ, ರಿಯಾಯಿತಿಯೂ ಬೇಡ ಎಂದು ನಾನು ಹಟ ಹಿಡಿದಿದ್ದೆ.

ಆ ದಿನ ಮಾನ್ವಿಯೊಂದರಲ್ಲೇ ನಲವತ್ತು ಫ್ರಿಜ್ ಹೋದವು. ಸಂಜೆ ಮಾಲೀಕರು ಎಲ್ಲರೆದುರು ಅವಳಿಗೆ, "ಇಲ್ಲೇ ಇನ್ನೊಂದು ದೊಡ್ಡ ಅಂಗಡಿ ಹಾಕೋಣವಾ. ಅದಕ್ಕ ನೀನೇ ಮ್ಯಾನೇಜರ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ನಲವತ್ತೂ ಹೊಸ ವ್ಯಾಪಾರವೇ ಎಂಬ ಅನುಮಾನ ಆಗಲೇ ಇದ್ದರೂ ನಾನೂ ತಟ್ಟಿದೆ.

ಮರುವಾರ ಅವಳಿಗೆ, ಹಿಂದೆ ಅರ್ಜಿ ಹಾಕಿದ್ದ ಹಾಸ್ಟೆಲ್ ವಾರ್ಡನ್ ಕೆಲಸದ ಕರೆ ಬಂತು. ಬೇಡವೆಂದು ಬರೆದು ಕೊಟ್ಟಳು.

ನಾನು ಆರು ವಾರ ಕಾದೆ. ಮಾನ್ವಿಯಲ್ಲಿ ದಿನಕ್ಕೊಂದರಂತೆ ಫ್ರಿಜ್ ಹೋಗುವುದು ವಾಡಿಕೆ. ಜಾಹೀರಾತು ಕೇಳಿದವರು ರಿಯಾಯಿತಿಗೆಂದು ಕಾದು ಕೂತಿದ್ದರಿಂದ ಆ ದಿನಕ್ಕೆ ಮುಂಚಿನ ಎರಡು ವಾರದಲ್ಲಿ ಎಂಟು ಕಡಿಮೆಯಾಗಿದ್ದವು. ಆಮೇಲಿನ ಆರು ವಾರದಲ್ಲಿ ಇಪ್ಪತ್ತೊಂದು ಕಡಿಮೆ. ಆರನೆಯ ವಾರದ ಕೊನೆಗೆ ವ್ಯಾಪಾರ ಮೊದಲಿನ ಮಟ್ಟಕ್ಕೆ ಬಂತು. ದೇವದುರ್ಗದಲ್ಲಿ ಅಷ್ಟೂ ದಿನ ಎಂದಿನಷ್ಟೇ ಮಾರಾಟ. ಹಾಗಾಗಿ ಸೀಸನ್ನಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಅಲ್ಲಿನವರು ಮಾನ್ವಿಗೆ ಹೋಗಿ ಕೊಂಡಿದ್ದಾರೆಯೇ ಎಂದು ಬಿಲ್ಲಿನ ವಿಳಾಸಗಳನ್ನೂ ನೋಡಿದೆ. ಒಬ್ಬರೂ ಇರಲಿಲ್ಲ. ಆ ದಿನ ಹೇಗೂ ಹೋಗಬೇಕಿದ್ದ ಒಂದನ್ನೂ ಕಳೆದರೆ, ನಲವತ್ತರಲ್ಲಿ ನಿಜವಾಗಿ ಹೊಸ ವ್ಯಾಪಾರ ಹತ್ತು ಮಾತ್ರ. ಉಳಿದವರು ಹಿಂದೆಯೋ ಮುಂದೆಯೋ ನಮ್ಮಲ್ಲೇ ಪೂರ್ತಿ ಬೆಲೆಗೆ ಕೊಳ್ಳುವವರಿದ್ದರು.

ಮಾಲೀಕರು ನಾನು ಬರೆದುಕೊಟ್ಟ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು. "ಹೊಸ ಅಂಗಡಿ ಬ್ಯಾಡ ಬಿಡ್ರಿ" ಎಂದರು.

ಅವಳಿಗೆ ತಿಳಿಸಲು ನಾನೇ ಮಾನ್ವಿ ಬಸ್ಸು ಹತ್ತಿದೆ. ಹಾಳೆ ಓದಿ ಅವಳು ಆ ದಿನದ ಬಿಲ್ಲುಗಳನ್ನು ಒಂದೊಂದಾಗಿ ತಿರುವಿದಳು.

"ಇವರು ಮಗಳ ಮದುವಿಗೆ ಅಂತ ಮೊದಲೇ ರೇಟು ಕೇಳಿ ಹೋಗಿದ್ರು. ಇವರೂ ಅಷ್ಟ. ನೀವು ಬರೆದ ಲೆಕ್ಕ ಖರೆ ಅದರಿ, ಸರ್." ಬಿಲ್ಲುಗಳನ್ನು ಕಟ್ಟಿಟ್ಟು ಕೇಳಿದಳು, "ಅವತ್ತೇ ಗೊತ್ತಿತ್ತೇನ್ರಿ ನಿಮಗ?"

"ಅನುಮಾನ ಇತ್ತವಾ. ಆರು ವಾರ ನೋಡದ ಹೆಂಗ ಹೇಳಲಿ?"

"ಅನುಮಾನ ಅದ ಅಂತನಾದ್ರೂ ಹೇಳಬೇಕಿತ್ತಲ್ರಿ. ಆ ವಾರ್ಡನ್ ಕೆಲಸ ಬಿಡ್ತಿದ್ದಿಲ್ಲ ನಾನು."

ಅಲ್ಲಿಂದ ಹೊರಟು ಹಾಸ್ಟೆಲ್ಲಿನಲ್ಲಿ ವಿಚಾರಿಸಿದೆ, ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಆಮೇಲೂ ಅವಳು ಅದೇ ಅಂಗಡಿಯಲ್ಲಿ ಕೆಲಸ ಮಾಡಿದಳು. ವಾರದ ಮಾರಾಟದ ಪಟ್ಟಿಯನ್ನು ತಪ್ಪದೆ ಕಳಿಸುತ್ತಿದ್ದಳು. ಮೊದಲೆಲ್ಲ ಪಟ್ಟಿಯ ಜೊತೆ ಫೋನು ಮಾಡಿ, ಮನೆಯವರೆಲ್ಲ ಹೇಗಿದ್ದಾರೆಂದು ಕೇಳುತ್ತಿದ್ದಳು. ಈಗ ಪಟ್ಟಿ ಮಾತ್ರ ಬರುತ್ತಿತ್ತು.