ಬೆಳೆಯದ ಟ್ಯೂಬಿನ ಉತ್ತರ

ನನ್ನ ಪ್ರಯೋಗಾಲಯದ ಸಿಂಕಿನಲ್ಲಿ ಎಲೆ ಅಡಿಕೆ ಉಗುಳಿದ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಉಗುಳಿದ ಮೇಲೆ ನಳ ಬಿಡುವಷ್ಟು ಸೌಜನ್ಯವೂ ಆತನಿಗಿರಲಿಲ್ಲ. ಕೆಂಪು ಜೊಲ್ಲು ಬಿಳಿ ಪಿಂಗಾಣಿಯ ಮೇಲೆ ನಿಧಾನವಾಗಿ ಇಳಿಯುವುದನ್ನು ನೋಡುತ್ತಲೇ ನನಗೆ ಅರ್ಥವಾಯಿತು, ಈತ ಪರೀಕ್ಷೆ ಮಾಡಿದ್ದೂ ಹೀಗೆಯೇ ಎಂದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯ ಕಡೆಯ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದೆ. ಕಿಟಕಿ ತೆರೆದರೆ ಮಗ್ಗಗಳ ಸದ್ದು, ಮುಚ್ಚಿದರೆ ಬ್ಯಾಕ್ಟೀರಿಯ ಬೆಳೆಸುವ ಅಗಾರ್ ಬೇಯಿಸಿದ ವಾಸನೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳದ ಹುಡುಗಿ ತರಗತಿಯಲ್ಲಿ ಒಬ್ಬಳೇ ಇದ್ದಳು. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ತಂದೆ ಅಲ್ಲಿಯ ಗುಡಿಯಲ್ಲಿ ಪೂಜೆ ಮಾಡುವವರು. ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕರೆ ಕಳಿಸುತ್ತೇನೆ, ಇಲ್ಲವಾದರೆ ಊರಿನ ಶಾಲೆಯಲ್ಲಿ ನೌಕರಿ ಹಿಡಿ ಎಂದು ಅವರು ಹೇಳಿದ್ದರು. ಮಾತು ಅಷ್ಟೇ, ಖಡಕ್ಕು. ಹಾಗಾಗಿ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ ಅವಳಿಗೆ ಬರೀ ಪರೀಕ್ಷೆಯಾಗಿರಲಿಲ್ಲ.

ಪ್ರಯೋಗ ಹಳೆಯದೇ. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯ ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪಿನ ಸ್ಪೋರ್ ಆಗಿ ಮಲಗುತ್ತದೆ. ಆ ಸ್ಪೋರನ್ನು ಎಂಬತ್ತು ಡಿಗ್ರಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೂ ಸಾಯುವುದಿಲ್ಲ. ಸ್ಪೋರ್ ಆಗದ ಜೀವಕೋಶ ಮಾತ್ರ ಸಾಯುತ್ತದೆ. ಬಿಸಿ ಕೊಟ್ಟ ಮೇಲೆ ಒಂದು ಹನಿಯನ್ನು ಹೊಸ ಪೋಷಕ ದ್ರವಕ್ಕೆ ಹಾಕಿ ಬೆಚ್ಚಗೆ ಇಡಬೇಕು. ಮರುದಿನ ಬ್ಯಾಕ್ಟೀರಿಯ ಬೆಳೆದು ಟ್ಯೂಬು ಕದಡಿದ್ದರೆ ಸ್ಪೋರ್ ಇದ್ದವು, ತಿಳಿಯಾಗಿದ್ದರೆ ಇರಲಿಲ್ಲ. ಕಣ್ಣಿದ್ದವರು ಯಾರಾದರೂ ಮಾಡಬಹುದು.

ಪರೀಕ್ಷಕರು ಬೇರೆ ಊರಿನಿಂದ ಬಂದಿದ್ದರು. ದೊಡ್ಡ ಹೆಸರು, ಅದಕ್ಕಿಂತ ದೊಡ್ಡ ಹೊಟ್ಟೆ. ಈ ಪ್ರಯೋಗಗಳಿಗೆ ಅವರೇ ಒಂದು ಗೈಡು ಬರೆದಿದ್ದರು. ಮಕ್ಕಳೆಲ್ಲ ಅದನ್ನೇ ಉರು ಹೊಡೆಯುತ್ತಿದ್ದರು. ಅದರಲ್ಲಿ ಒಂದು ಸಾಲಿತ್ತು: ‘ಬಿಸಿ ತಾಗಿದೊಡನೆ ಬ್ಯಾಸಿಲಸ್ ಸಿಗ್ಮಾ ಬದಲಿಸಿ ಸ್ಪೋರ್ ಆಗುತ್ತದೆ. ಆದುದರಿಂದ ಟ್ಯೂಬು ಕದಡುತ್ತದೆ.’ ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮಜ್ಜಿಗೆಯಲ್ಲಿ ಹಾಲು ಹುಡುಕಿದಂಥ ವಿಜ್ಞಾನ.

ನಾನು ತರಗತಿಯಲ್ಲಿ ಹೇಳಿದ್ದು ಬೇರೆ. ಜೀನಿನಿಂದ ನಕಲು ತೆಗೆಯುವ ಯಂತ್ರ ಆರ್‌ಎನ್‌ಎ ಪಾಲಿಮರೇಸ್. ಅದು ಊರಿಗೆ ಹೊಸಬನಾದ ಟಪಾಲಿನವನ ಹಾಗೆ, ಯಾವ ಮನೆಯ ಬಾಗಿಲು ಬಡಿಯಬೇಕೆಂದು ಅದಕ್ಕೇ ಗೊತ್ತಿಲ್ಲ. ಜೀನಿನ ಮುಂದಿರುವ ಬಾಗಿಲಿನ ಗುರುತಿಗೆ ಪ್ರಮೋಟರ್ ಎನ್ನುತ್ತಾರೆ, ಅದನ್ನು ಗುರುತು ಹಿಡಿದು ಯಂತ್ರವನ್ನು ಅಲ್ಲಿ ನಿಲ್ಲಿಸುವ ಪ್ರೋಟೀನೇ ಸಿಗ್ಮಾ. ಹೊಟ್ಟೆ ತುಂಬಿ ಬೆಳೆಯುವಾಗ ಒಂದು ಮುಖ್ಯ ಸಿಗ್ಮಾ ಬೆಳವಣಿಗೆಯ ಜೀನುಗಳ ಬಾಗಿಲು ತೋರಿಸುತ್ತದೆ. ಆಹಾರ ಮುಗಿದು ಹಸಿವಾದಾಗ ಬೇರೆ ಸಿಗ್ಮಾಗಳು ಒಂದರ ಹಿಂದೊಂದು ಬಂದು ಸ್ಪೋರಿನ ಜೀನುಗಳ ಬಾಗಿಲು ತೋರಿಸುತ್ತವೆ. ಯಂತ್ರ ಅದೇ, ಬಡಿಯುವ ಬಾಗಿಲು ಬೇರೆ. ಇದಕ್ಕೆ ತಾಸುಗಟ್ಟಲೆ ಹೊತ್ತು ಬೇಕು. ಬಿಸಿಗೂ ಬೇರೆ ಸಿಗ್ಮಾ ಇದೆ ನಿಜ. ನಮ್ಮ ಕರುಳಿನ ಕೋಲೈ ಬ್ಯಾಕ್ಟೀರಿಯದಲ್ಲಿ ಬಿಸಿ ತುಸು ಏರಿದರೆ ಅದು ಮುಂದೆ ಬಂದು, ಕೆಟ್ಟ ಪ್ರೋಟೀನುಗಳನ್ನು ರಿಪೇರಿ ಮಾಡುವವರನ್ನು ತಯಾರಿಸುತ್ತದೆ. ಅದು ಸ್ಪೋರ್ ಮಾಡುವುದಿಲ್ಲ. ಎಂಬತ್ತು ಡಿಗ್ರಿಗೆ ಬಿದ್ದ ಕೋಶಕ್ಕಂತೂ ಸಿಗ್ಮಾ ಬದಲಿಸಲು ಪುರುಸೊತ್ತೆಲ್ಲಿ? ಬೆಂದು ಹೋಗುತ್ತದೆ.

ಆ ವರ್ಷ ನಾನು ಪರೀಕ್ಷೆಗೆ ಇಟ್ಟದ್ದು ಎಳೆಯ ಕಲ್ಚರ್, ಅಂದರೆ ಬ್ಯಾಸಿಲಸ್ ಬೆಳೆಸಿದ ದ್ರವ. ಮತ್ತೆ ಮತ್ತೆ ಹೊಸ ದ್ರವಕ್ಕೆ ದಾಟಿಸಿ, ಹೊಟ್ಟೆ ತುಂಬ ಉಣ್ಣಿಸಿ ಬೆಳೆಸಿದ್ದು. ಮಕ್ಕಳು ಕಂಡದ್ದನ್ನು ಬರೆಯುತ್ತಾರೋ ಇಲ್ಲವೋ ನೋಡೋಣ ಎಂಬ ಹಟ ನನ್ನದು.

ಎರಡನೆಯ ದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿದ್ದ ಎಲ್ಲ ಟ್ಯೂಬುಗಳೂ ತಿಳಿಯಾಗಿದ್ದವು. ಎಲ್ಲವೂ! ಅದನ್ನು ಎದುರಿಗಿಟ್ಟುಕೊಂಡೇ ಮಕ್ಕಳು ‘ಟ್ಯೂಬು ಕದಡಿದೆ’ ಎಂದು ಬರೆದರು. ಒಬ್ಬ ಹುಡುಗನಿಗೆ ಮನಸ್ಸು ಒಪ್ಪಲಿಲ್ಲವೋ ಏನೋ, ಸುಣ್ಣದ ಕಡ್ಡಿ ಕೆರೆದು ಟ್ಯೂಬಿಗೆ ಹಾಕಿ ಅಲುಗಿಸಿದ. ನನ್ನ ಕಣ್ಣೆದುರಿಗೇ. ಲಕ್ಷ್ಮೇಶ್ವರದ ಆ ಹುಡುಗಿ ಮಾತ್ರ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಬೆಳೆದಿಲ್ಲ. ಕಲ್ಚರ್ ಎಳೆಯದು, ಇನ್ನೂ ಹಸಿದಿಲ್ಲ. ಸ್ಪೋರಿನ ಸಿಗ್ಮಾಗಳು ಬಂದಿಲ್ಲ’ ಎಂದು ಬರೆದಳು.

ಪರೀಕ್ಷಕರು ಟ್ಯೂಬಿನ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಮಿರ್ಚಿ ಭಜಿಯ ಎಣ್ಣೆ ಹತ್ತಿದ ಬೆರಳಲ್ಲೇ ಉತ್ತರ ಪತ್ರಿಕೆಗಳನ್ನು ಮಗುಚಿದರು. ಅವಳ ಪತ್ರಿಕೆಯ ಮೇಲೆ ಎಣ್ಣೆಯ ಹೆಬ್ಬೆಟ್ಟು ಮೂಡಿತು, ಅದರ ಪಕ್ಕದಲ್ಲಿ ಸೊನ್ನೆ.

“ಏನಿದು, ಬ್ಯಾಸಿಲಸ್ ಬಿಸಿಗೆ ಸಾಯ್ತೈತೇನು?” ಎಂದು ಅವಳನ್ನು ಕೇಳಿದರು.

“ಸ್ಪೋರ್ ಆಗಿದ್ರ ಸಾಯಂಗಿಲ್ರಿ ಸರ್. ಇದು ಆಗಿಲ್ರಿ.”

“ಬಿಸಿ ಹತ್ತಿದ ಕೂಡ್ಲೇ ಆಗ್ತೈತಿ. ಗೈಡ್ ಓದಿಲ್ಲೇನು?”

“ಓದೀನ್ರಿ. ಆದ್ರ ಹಸಿವಾದ್ರ ಆಗ್ತೈತ್ರಿ, ಬಿಸಿಗಲ್ರಿ. ಟ್ಯೂಬ್ ನೋಡ್ರಿ ಸರ್.”

ಅವರು ನೋಡಲಿಲ್ಲ. ಎದ್ದು ಹೋಗಿ ಸಿಂಕಿಗೆ ಉಗುಳಿದರು. ನಾನು ಮೊದಲು ಹೇಳಿದ್ದು ಇದನ್ನೇ.

ಅಂಕಪಟ್ಟಿಗೆ ಕಾಲೇಜಿನ ಪರವಾಗಿ ನಾನು ಸಹಿ ಹಾಕಬೇಕಿತ್ತು. ಹಾಕುವುದಿಲ್ಲ ಎಂದೆ. ಅದೇ ಕಲ್ಚರನ್ನು ಮತ್ತೊಮ್ಮೆ ಹೊಸದಾಗಿ ಬೆಳೆಸಿದ್ದು ಒಂದು, ಕಪಾಟಿನ ಮೇಲೆ ಎಷ್ಟೋ ದಿನದಿಂದ ಉಪವಾಸ ಬಿದ್ದಿದ್ದು ಇನ್ನೊಂದು, ಎರಡನ್ನೂ ಅವರ ಎದುರೇ ಬಿಸಿನೀರಿಗೆ ಇಳಿಸಿ, ಒಂದೊಂದು ಹನಿ ಹೊಸ ದ್ರವಕ್ಕೆ ಹಾಕಿಟ್ಟೆ. ಮರುದಿನ ಉಪವಾಸದ ಟ್ಯೂಬು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಎಳೆಯದರ ಟ್ಯೂಬಿನ ಆಚೆ ಇಟ್ಟ ಕಾಗದದ ಅಕ್ಷರಗಳನ್ನು ಓದಬಹುದಾಗಿತ್ತು.

ಪ್ರಾಚಾರ್ಯರ ಕೋಣೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟೆ. ಪರೀಕ್ಷಕರು ಬಹಳ ಹೊತ್ತು ನೋಡಿದರು. ಒಂದು ಕ್ಷಣ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ.

“ಆತು ಬಿಡ್ರಿ ಮೇಡಂ, ನಿಮ್ಮ ಮಾತು ಖರೆ ಐತಿ,” ಎಂದರು. “ಆದ್ರ ಈಕಿದು ಖರೆ ಅಂದ್ರ ಉಳಿದವರದೆಲ್ಲ ಸುಳ್ಳಾತಲ್ಲ?”

“ಸುಳ್ಳು ಬರದಾರ, ಸುಳ್ಳ ಆಗ್ತೈತಿ,” ಎಂದೆ.

ಪ್ರಾಚಾರ್ಯರು ಬೆವರು ಒರೆಸಿಕೊಂಡರು. “ಮೇಡಂ, ಇಡೀ ಬ್ಯಾಚ್ ನಪಾಸಾದ್ರ ನಮ್ಮ ಕಾಲೇಜಿನ ಮರ್ಯಾದಿ ಏನಾದೀತು ವಿಚಾರ ಮಾಡ್ರಿ. ಒಬ್ಬ ಹುಡುಗಿ ಸಲುವಾಗಿ ಇಷ್ಟು ಹಟ ಯಾಕ್ರಿ? ಈಕಿಗೆ ಗ್ರೇಸ್ ಕೊಡಸೂಣು. ಪಾಸಾದ್ರ ಸಾಕಲ್ರಿ?”

ಹಾಗೆ ಫೈಸಲ್ಲಾಯಿತು. ಸುಳ್ಳು ಬರೆದವರಿಗೆ ಪೂರ್ತಿ ಅಂಕ, ಕಂಡದ್ದು ಬರೆದವಳಿಗೆ ದಯೆಯ ಅಂಕ. ನಾನು ಸಹಿ ಹಾಕಲಿಲ್ಲ. ರಸಾಯನಶಾಸ್ತ್ರದವರನ್ನು ಕರೆಸಿ ಹಾಕಿಸಿದರು. ಪುಣ್ಯಾತ್ಮರು ಯಾವ ಪರೀಕ್ಷೆ ಎಂದೂ ಕೇಳಲಿಲ್ಲ, ಪೆನ್ನು ಕೊಡಿ ಎಂದಷ್ಟೇ ಕೇಳಿದರು. ಆ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿದರು. ನನ್ನ ಕಪ್ಪನ್ನು ನಾನು ಮುಟ್ಟಲಿಲ್ಲ.

ಗ್ರೇಸ್ ಅಂಕ ಸಿಕ್ಕವರ ಅಂಕಪಟ್ಟಿಯಲ್ಲಿ ಆ ವಿಷಯದ ಮುಂದೆ ಒಂದು ಚುಕ್ಕಿ ಬೀಳುತ್ತಿತ್ತು. ಬೇರೆಲ್ಲ ವಿಷಯಗಳಲ್ಲಿ ಮೇಲಿದ್ದ ಹುಡುಗಿಗೆ ಅವಳದೇ ವಿಷಯದಲ್ಲಿ ಚುಕ್ಕಿ. ಎಂ.ಎಸ್ಸಿ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಸುಣ್ಣದ ಕಡ್ಡಿ ಕೆರೆದ ಹುಡುಗನ ಹೆಸರು ಬಂತು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಒಂದೇ ಮಾತು ಕೇಳಿದಳು: “ಮೇಡಂ, ಟ್ಯೂಬ್ ನೋಡಬಾರದಾಗಿತ್ತೇನ್ರಿ?” ಶಾಲೆಯ ನೌಕರಿಗೆ ಸೇರಿದಳು.

ಮುಂದಿನ ವರ್ಷ ಗೈಡಿನ ಹೊಸ ಆವೃತ್ತಿ ಬಂತು. ತೆರೆದು ನೋಡಿದರೆ ಹಳೆಯ ಸಾಲು ಮಾಯ. ಅದರ ಜಾಗದಲ್ಲಿ: ‘ಬೆಳೆದಿಲ್ಲ. ಕಲ್ಚರ್ ಎಳೆಯದು, ಇನ್ನೂ ಹಸಿದಿಲ್ಲ. ಸ್ಪೋರಿನ ಸಿಗ್ಮಾಗಳು ಬಂದಿಲ್ಲ.’ ಅವಳ ಮಾತು, ಒಂದಕ್ಷರ ಆಚೀಚೆ ಇಲ್ಲದೆ. ಮುನ್ನುಡಿಯಲ್ಲಿ ‘ನನ್ನ ದೀರ್ಘಕಾಲದ ಪ್ರಯೋಗಗಳ ಫಲ’ ಎಂದಿತ್ತು. ಸೊನ್ನೆ ಕೊಟ್ಟು ಕದ್ದ ಕಳ್ಳನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ವರ್ಷವೂ ಅವರೇ ಪರೀಕ್ಷಕರು. ನಾನು ಈ ಸಲ ಹಳೆಯ, ಹಸಿದು ಸ್ಪೋರಾದ ಕಲ್ಚರ್ ಇಟ್ಟೆ. ಎರಡನೆಯ ದಿನ ಎಲ್ಲ ಟ್ಯೂಬುಗಳೂ ದಟ್ಟವಾಗಿ ಕದಡಿದ್ದವು, ತಳದಲ್ಲಿ ಬಿಳಿ ಗಷ್ಟು ಕೂತಿತ್ತು. ಮಕ್ಕಳು ತಲೆ ಬಗ್ಗಿಸಿ ಬರೆದರು: ‘ಬೆಳೆದಿಲ್ಲ. ಕಲ್ಚರ್ ಎಳೆಯದು, ಇನ್ನೂ ಹಸಿದಿಲ್ಲ.’ ಒಬ್ಬರೂ ತಪ್ಪದೆ. ಪರೀಕ್ಷಕರು ತಲೆದೂಗುತ್ತ ಪೂರ್ತಿ ಅಂಕ ಕೊಟ್ಟರು.

ಅದೇ ಹೊತ್ತಿಗೆ ಆ ಹುಡುಗಿ ಬಂದಳು. ಮತ್ತೊಮ್ಮೆ ಸೀಟಿಗೆ ಅರ್ಜಿ ಹಾಕಲು ನನ್ನಿಂದ ಶಿಫಾರಸು ಪತ್ರ ಬೇಕಿತ್ತು. ಪರೀಕ್ಷಕರಿಗೆ ಅವಳ ಗುರುತು ಹತ್ತಲಿಲ್ಲ. “ಬಾರವ್ವಾ, ಕುಂಡ್ರು. ನೋಡು, ಈ ಸರ್ತಿ ಹುಡುಗ್ರು ಎಷ್ಟ ಛಲೋ ಬರದಾರ. ಹಿಂಗ ಬರೀಬೇಕು,” ಎಂದು ಒಂದು ಉತ್ತರ ಪತ್ರಿಕೆಯನ್ನು ಅವಳ ಕೈಗಿಟ್ಟರು.

ಅವಳು ಓದಿದಳು. ತನ್ನ ಮಾತು ತನಗೇ ಗೊತ್ತಾಗದೆ ಇರುತ್ತದೆಯೇ? ಸ್ಟ್ಯಾಂಡಿನಿಂದ ಆ ಪತ್ರಿಕೆಯ ನಂಬರಿನ ಟ್ಯೂಬು ತೆಗೆದು, ಹಿಂದಿನ ವರ್ಷದಂತೆಯೇ ಕಿಟಕಿಯ ಬೆಳಕಿಗೆ ಹಿಡಿದಳು. ನಂತರ ಅದನ್ನು ಪರೀಕ್ಷಕರ ಮುಂದೆ, ಭಜಿಯ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಉತ್ತರ ನಂದ ಐತ್ರಿ ಸರ್,” ಎಂದಳು. “ಆದ್ರ ಈ ಟ್ಯೂಬಿಗೆ ನಾ ಹಿಂಗ ಬರೀತಿದ್ದಿಲ್ರಿ.”